ಹಿಮ್ಮಡಿಯ ಎತ್ತರವೂ ಪಾದದ ಇಳಿಜಾರೂ

ಎತ್ತರದ ಪಾದರಕ್ಷೆಗಳ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ಹಿಮ್ಮಡಿ ಎಷ್ಟು ಅಂಗುಲವಿದೆ ಎಂಬುದು. ಬೆಳಗ್ಗೆ ಬಸ್ಸು ಹಿಡಿದು, ಕಚೇರಿಯ ಮೆಟ್ಟಿಲೇರಿ, ಸಂಜೆಯವರೆಗೆ ತರಗತಿಯಲ್ಲಿಯೋ ಅಂಗಡಿಯ ಕಟ್ಟೆಯ ಹಿಂದೆಯೋ ನಿಂತಿರತಕ್ಕ ಹೆಣ್ಣುಮಗಳ ಕಾಲಿಗಾಗುವ ಶ್ರಮವನ್ನು ಅಳೆಯಹೊರಟರೆ, ಈ ಒಂದು ಪ್ರಶ್ನೆಯಿಂದ ಉತ್ತರ ದೊರೆಯಲಾರದು. ಹಿಮ್ಮಡಿಯ ಎತ್ತರದಿಂದ ಮುಂಗಾಲಿನ ಅಡಿಯ ಅಟ್ಟೆಯ ದಪ್ಪವನ್ನು ಕಳೆದರೆ ಉಳಿಯುವ ಅಂತರ ಎಷ್ಟು, ಮತ್ತು ಆ ಎತ್ತರವು ನೆಲದ ಮೇಲೆ ಎಷ್ಟು ಅಗಲವಾಗಿ ಕೂರುತ್ತದೆ, ಎಂಬ ಎರಡು ಸಂಗತಿಗಳೇ ಇಲ್ಲಿ ನಿರ್ಣಾಯಕವಾದವು. ಸ್ಟಿಲೆಟೋ ಈ ಎರಡರಲ್ಲಿಯೂ ಸೋಲುತ್ತದೆಂಬುದು ನನ್ನ ಅಭಿಪ್ರಾಯ. ವೆಡ್ಜ್ ಮತ್ತು ಪ್ಲಾಟ್‌ಫಾರ್ಮ್‌ಗಳು ಗೆಲ್ಲುವುದಾದರೂ ಆ ಗೆಲುವಿಗೆ ಒಂದು ಮೇರೆಯುಂಟು.

ವೆಡ್ಜ್, ಸ್ಟಿಲೆಟೋ ಎರಡರ ಹುಟ್ಟಿನ ಹಿಂದೆಯೂ ಉಕ್ಕಿನ ಕಥೆಯಿದೆ. ಎತ್ತರದ ಹಿಮ್ಮಡಿಯ ಪಾದರಕ್ಷೆಯಲ್ಲಿ ಅಂಗಾಲಿನ ಕಮಾನಿನ ಕೆಳಗೆ ಬರಿಯ ಗಾಳಿಯಿರುವುದರಿಂದ, ಅಲ್ಲಿ ಅಟ್ಟೆ ಕುಸಿಯದಂತೆ ಉಕ್ಕಿನ ಪಟ್ಟಿಯೊಂದನ್ನು ಒಳಗೆ ಹುದುಗಿಸುತ್ತಾರೆ. 1935ರಲ್ಲಿ ಇಟಲಿಯು ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ವಿಧಿಸಲ್ಪಟ್ಟ ಆರ್ಥಿಕ ನಿರ್ಬಂಧಗಳ ಕಾಲದಲ್ಲಿ ಒಳ್ಳೆಯ ಉಕ್ಕು ದುರ್ಲಭವಾಗಲು, ಫ್ಲಾರೆನ್ಸಿನ ಪಾದರಕ್ಷಾಶಿಲ್ಪಿ ಸಾಲ್ವತೋರೆ ಫೆರಗಾಮೊ ಆ ಪೊಳ್ಳನ್ನು ಹಗುರವಾದ ಕಾರ್ಕಿನಿಂದ ತುಂಬಿಬಿಟ್ಟನು. ಹಿಮ್ಮಡಿಯೂ ಅಟ್ಟೆಯೂ ಒಂದೇ ದಿಂಡಾದ ಆಧುನಿಕ ವೆಡ್ಜ್ ಹೀಗೆ ರೂಪುಗೊಂಡಿತು. ಸ್ಟಿಲೆಟೋ ಬಂದುದು ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ. ಬೆರಳಿನಷ್ಟು ಸಪೂರವಾದ ಹಿಮ್ಮಡಿ ಮುರಿಯದಂತೆ ಅದರೊಳಗೆ ಉಕ್ಕಿನ ಕಡ್ಡಿಯನ್ನು ನಿಲ್ಲಿಸುವ ವಿಧಾನ ಕೈಗೂಡಿದುದೇ ಅದರ ಪ್ರಚಾರಕ್ಕೆ ಕಾರಣ. ಒಂದು ಉಕ್ಕಿಲ್ಲದೆ ಹುಟ್ಟಿತು, ಇನ್ನೊಂದು ಉಕ್ಕಿನಿಂದಲೇ ನಿಂತಿತು. ಕಾರ್ಕಿನ ದಿಂಡು ಕಮಾನಿನ ಉದ್ದಕ್ಕೂ ನೆಲದ ಆಸರೆಯನ್ನು ಒದಗಿಸಿದರೆ, ಕಡ್ಡಿಯು ಎಲ್ಲ ಹೊಣೆಯನ್ನೂ ಎರಡು ತುದಿಗಳಿಗೆ ಒಪ್ಪಿಸುತ್ತದೆ.

ಮೊದಲು ಇಳಿಜಾರಿನ ವಿಚಾರ. 9 ಸೆಂಟಿಮೀಟರ್ ಹಿಮ್ಮಡಿಯ ಎರಡು ಜೊತೆಗಳನ್ನು ಮೇಜಿನ ಮೇಲಿರಿಸೋಣ: ಸ್ಟಿಲೆಟೋದ ಮುಂಭಾಗದ ಅಟ್ಟೆ 1 ಸೆಂಟಿಮೀಟರ್, ವೆಡ್ಜ್‌ನದು 4. ಹಿಮ್ಮಡಿಯಿಂದ ಉಂಗುಟದ ಬುಡಕ್ಕೆ 17 ಸೆಂಟಿಮೀಟರ್ ಉದ್ದವಿರುವ ಪಾದವು ಮೊದಲನೆಯದರಲ್ಲಿ 8 ಸೆಂಟಿಮೀಟರ್ ಇಳಿಯಬೇಕು, ಎರಡನೆಯದರಲ್ಲಿ 5 ಮಾತ್ರ. ಅಂದರೆ ಇಳಿಜಾರು ಅಲ್ಲಿ ಸುಮಾರು 28 ಡಿಗ್ರಿ, ಇಲ್ಲಿ ಸುಮಾರು 17. ಮಣೆಯ ಮೇಲೆ ನಿಂತವರ ಪಾದವು ಎತ್ತರಕ್ಕೇರಿದರೂ ಸಮತಲವಾಗಿಯೇ ಇರುವಂತೆ, ಪ್ಲಾಟ್‌ಫಾರ್ಮ್ ಕೊಡುವ ಎತ್ತರದಲ್ಲಿ ಒಂದು ಪಾಲು ಪಾದವನ್ನು ಬಾಗಿಸದೆಯೇ ದೊರೆತದ್ದು. ಅಂಗಡಿಯ ಚೀಟಿಯಲ್ಲಿ ಹಿಂಭಾಗದ ಎತ್ತರವನ್ನಷ್ಟೇ ಬರೆದಿರುವುದುಂಟು. ಕೊಳ್ಳುವವರು ಅಳತೆಪಟ್ಟಿಯನ್ನು ಹಿಂದೆಯೂ ಮುಂದೆಯೂ ಹಿಡಿದು ನೋಡತಕ್ಕದ್ದು.

ಈ ಅಂತರದ ಫಲವೆಲ್ಲ ಮುಂಗಾಲಿನಲ್ಲಿ ಕಾಣುತ್ತದೆ. ಬರಿಗಾಲಿನಲ್ಲಿ ನಿಂತಾಗ ದೇಹಭಾರದ ಹೆಚ್ಚು ಪಾಲನ್ನು ಹೊರುವುದು ಹಿಮ್ಮಡಿ; ಇಳಿಜಾರು ಕಡಿದಾದಷ್ಟೂ ಆ ಭಾರವು ಬೆರಳುಗಳ ಬುಡದ ಎಲುಬುಗಳ ಮೇಲೆ, ಅದರಲ್ಲಿಯೂ ಉಂಗುಟದ ಕಡೆಗೆ, ಸರಿಯುತ್ತದೆ. ಪಾದ ಮುಂದಕ್ಕೆ ಜಾರಿ, ಚೂಪುಮೂತಿಯ ಪಾದರಕ್ಷೆಯಾದರೆ ಬೆರಳುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಎರಡನೆಯ ಬೆರಳಿನ ಬುಡದಡಿಯಲ್ಲಿ ಚರ್ಮ ಜಡ್ಡುಗಟ್ಟುವುದು, ಕಾಲಾಣಿ ಏಳುವುದು, ಸಂಜೆಯ ಹೊತ್ತಿಗೆ ಅಲ್ಲಿ ಉರಿ ಕಾಣಿಸಿಕೊಳ್ಳುವುದು, ಇವು ಭಾರ ತಪ್ಪುಸ್ಥಳಕ್ಕೆ ಬಿದ್ದುದರ ಕುರುಹುಗಳು. ಇನ್ನೊಂದು ಪರಿಣಾಮ ಮೀನಖಂಡದಲ್ಲಿ ಆಗುತ್ತದೆ. ವರ್ಷಗಟ್ಟಲೆ ಎತ್ತರದ ಹಿಮ್ಮಡಿಯನ್ನು ಧರಿಸಿದ ಸ್ತ್ರೀಯರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವರ ಮೀನಖಂಡದ ಸ್ನಾಯುತಂತುಗಳು ಗಿಡ್ಡವಾಗಿಯೂ ಹಿಮ್ಮಡಿಯ ಮೇಲಣ ಸ್ನಾಯುರಜ್ಜು ದಪ್ಪವಾಗಿ ಬಿಗಿದುಕೊಂಡೂ ಇದ್ದುದನ್ನು ತೋರಿಸಿತು. ಮನೆಗೆ ಬಂದು ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಡೆದಾಗ ಕಾಲಿನ ಹಿಂಭಾಗ ಸೆಳೆಯುವುದಾದರೆ, ಆ ಮಾರ್ಪಾಟು ಮೊದಲಾಗಿರಬಹುದೆಂದು ಸಂಶಯಪಡಬೇಕು.

ಇನ್ನು ಸ್ಥಿರತೆ. ಸ್ಟಿಲೆಟೋದ ತುದಿಯ ಅಗಲ 1 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮಧ್ಯದಿಂದ ಅಂಚಿಗಿರುವ ದೂರ ಅರ್ಧ ಸೆಂಟಿಮೀಟರ್ ಮಾತ್ರ. 9 ಸೆಂಟಿಮೀಟರ್ ಎತ್ತರದಿಂದ ಕೆಳಗಿಳಿಯುವ ಭಾರದ ರೇಖೆಯು 3 ಡಿಗ್ರಿ ಓರೆಯಾದೊಡನೆಯೇ ಆ ಅಂಚನ್ನು ದಾಟಿಬಿಡುತ್ತದೆ. ಐದೂವರೆ ಸೆಂಟಿಮೀಟರ್ ಅಗಲದ ವೆಡ್ಜ್‌ನಲ್ಲಿ ಅದೇ ಅಂಚನ್ನು ಮುಟ್ಟಲು ಸುಮಾರು 17 ಡಿಗ್ರಿ ಓರೆಯಾಗಬೇಕು. ನುಣುಪು ನೆಲದ ಮೇಲೆ ನಡೆಯುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತೋರದಿರಬಹುದು. ಆದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಂದು, ಎದ್ದು ನಿಂತ ಅಂಚು, ಒದ್ದೆಮಣ್ಣು ಇವೇ ಕಾಲುದಾರಿಯಾಗಿರುವ ನಮ್ಮ ಊರುಗಳಲ್ಲಿ, ಆ ತುದಿ ಸಂದಿನಲ್ಲಿ ಸಿಕ್ಕಿಕೊಳ್ಳುವುದು ಕೂಡ ಒಂದು ನಿತ್ಯದ ಅಪಾಯ. ಪಾದ ಕೆಳಮುಖವಾಗಿ ಬಾಗಿರುವಾಗ ಕಣಕಾಲಿನ ಕೀಲಿನೊಳಗೆ ಎಲುಬಿನ ಕಿರಿದಾದ ಹಿಂಭಾಗ ಬಂದು ನಿಲ್ಲುವುದರಿಂದ ಕೀಲೂ ಸಡಿಲವಾಗಿರುತ್ತದೆ. ಅದೇ ಗಳಿಗೆಯಲ್ಲಿ ಕಾಲು ಹೊರಳಿದರೆ ಉಳುಕದಿರುವುದು ಕಷ್ಟ.

ಇಷ್ಟರಿಂದ ವೆಡ್ಜ್ ನಿರಪಾಯಕರವೆಂದು ಬಗೆಯಲಾಗದು. ದಪ್ಪ ಅಟ್ಟೆ ಬಾಗದು. ನಡೆಯುವಾಗ ಬೆರಳುಗಳ ಬುಡದಲ್ಲಿ ಪಾದ ಮಡಚಿಕೊಂಡು ಮುಂದಕ್ಕೆ ತಳ್ಳಬೇಕಾದ ಕ್ರಿಯೆಯೇ ಅಲ್ಲಿ ತಡೆಗೊಳ್ಳುವುದರಿಂದ, ಮುಂತುದಿಯನ್ನು ದೋಣಿಯ ಮೂತಿಯಂತೆ ತುಸು ಮೇಲಕ್ಕೆತ್ತಿ ಮಾಡಿರದಿದ್ದರೆ ಹೆಜ್ಜೆ ಧೊಪ್ಪನೆ ಬೀಳುತ್ತದೆ, ಮೆಟ್ಟಿಲಿನಂಚಿಗೆ ತಾಗುತ್ತದೆ. ನೆಲದ ಏರುತಗ್ಗು ಅಂಗಾಲಿಗೆ ತಿಳಿಯುವುದಿಲ್ಲ. ಸ್ಟಿಲೆಟೋದಲ್ಲಿ ಹಿಮ್ಮಡಿ ಜಾರಿದರೂ ಮುಂಗಾಲು ನೆಲಕ್ಕೆ ಹತ್ತಿರವಿರುತ್ತದೆ. ಎತ್ತರದ ಪ್ಲಾಟ್‌ಫಾರ್ಮ್ ಅಂಚು ತಪ್ಪಿದರೆ ಇಡೀ ಪಾದವೇ ಮಗುಚುತ್ತದೆ. 1993ರಲ್ಲಿ ಪ್ಯಾರಿಸ್ಸಿನ ವೇದಿಕೆಯಲ್ಲಿ, ವಿವಿಯನ್ ವೆಸ್ಟ್‌ವುಡ್ ರಚಿಸಿದ ಅತಿಯೆತ್ತರದ ಪ್ಲಾಟ್‌ಫಾರ್ಮ್ ಧರಿಸಿ ನಡೆಯುತ್ತಿದ್ದ ನವೋಮಿ ಕ್ಯಾಂಪ್‌ಬೆಲ್ ಬಿದ್ದುದು ಪ್ರಸಿದ್ಧವಾದ ಸಂಗತಿ; ನಡೆಯುವುದನ್ನೇ ವೃತ್ತಿಯಾಗಿ ಕಲಿತವಳಿಗೂ ಅದು ತಪ್ಪಲಿಲ್ಲ.

ಮೊಣಕಾಲಿನ ವಿಷಯದಲ್ಲಂತೂ ಅಗಲವು ಯಾವ ರಕ್ಷಣೆಯನ್ನೂ ನೀಡದು. ಕೇಸಿ ಕೆರಿಗನ್ ಮತ್ತು ಸಂಗಡಿಗರು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಗಲ ಹಿಮ್ಮಡಿಯ ಪಾದರಕ್ಷೆಯೂ ಸಪೂರ ಹಿಮ್ಮಡಿಯದರಂತೆಯೇ, ಬರಿಗಾಲಿಗೆ ಹೋಲಿಸಿದರೆ, ಮೊಣಕಾಲನ್ನು ಓರೆಯಾಗಿಸುವ ಬಲವನ್ನು ಹೆಚ್ಚಿಸಿದುದು ಕಂಡುಬಂದಿತು. ಅಗಲ ಹಿಮ್ಮಡಿ ಹಾಯೆನಿಸುವುದರಿಂದ ಅದನ್ನು ಹೆಚ್ಚು ಹೊತ್ತು ಧರಿಸುವುದು ಸಹಜವಾದುದರಿಂದ, ಈ ಒಂದು ಅಂಶವನ್ನು ನಾನು ಬಹಳ ಗಂಭೀರವಾಗಿ ಎಣಿಸುತ್ತೇನೆ.

ಆದಕಾರಣ ನಿತ್ಯದ ಬಳಕೆಗೆ ವೆಡ್ಜ್ ಅನ್ನೇ ಆರಿಸಬೇಕೆಂದು ಹೇಳುವಾಗ, ನನ್ನ ಮನಸ್ಸಿನಲ್ಲಿರುವುದು ಹಿಂದೆ 5, ಮುಂದೆ 2 ಸೆಂಟಿಮೀಟರ್ ಆಸುಪಾಸಿನ, ಕೈಯಲ್ಲಿ ಹಿಡಿದರೆ ಹಗುರವಾದ, ಕಣಕಾಲಿಗೆ ಪಟ್ಟಿಯುಳ್ಳ ಜೊತೆ. ಪಟ್ಟಿಯಿಲ್ಲದಿದ್ದರೆ ಚಪ್ಪಲಿ ಕಳಚದಂತೆ ಬೆರಳುಗಳು ಹೆಜ್ಜೆಹೆಜ್ಜೆಗೂ ಮುದುಡಿ ಹಿಡಿಯಬೇಕಾಗುತ್ತದೆ. ಬಹುಕಾಲ ಸ್ಟಿಲೆಟೋ ಧರಿಸಿದವರು ಒಮ್ಮೆಗೇ ಚಪ್ಪಟೆ ಚಪ್ಪಲಿಗೆ ಇಳಿಯಬಾರದು. ಗಿಡ್ಡವಾದ ಸ್ನಾಯು ಆ ಹಠಾತ್ ಸೆಳೆತವನ್ನು ತಾಳಲಾರದು. ಅಂಥವರಿಗೆ 8 ಸೆಂಟಿಮೀಟರ್ ಅಂತರದಿಂದ 5ಕ್ಕೆ, ಕೆಲವು ವಾರಗಳ ನಂತರ 3ಕ್ಕೆ ಇಳಿಯಲು ವೆಡ್ಜ್ ಒಳ್ಳೆಯ ಮೆಟ್ಟಿಲಾಗುತ್ತದೆ. ಜೊತೆಯಲ್ಲಿ ದಿನವೂ ಗೋಡೆಗೆ ಕೈಯೊತ್ತಿ, ಒಂದು ಕಾಲನ್ನು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೂರಿ ಮೀನಖಂಡವನ್ನು ಮೆಲ್ಲಗೆ ಹಿಗ್ಗಿಸುತ್ತಿರಬೇಕು.