ಕಪ್ಪು ಚರ್ಮಕ್ಕೆ ಚರ್ಮದ ಕ್ಯಾನ್ಸರ್ ಬರುವುದಿಲ್ಲವೇ? ಉಗುರಿನಡಿ ಅಡಗುವ ಮೆಲನೋಮದ ಕತೆ

‘ನಮ್ಮದು ಕಪ್ಪು ಚರ್ಮ, ಚರ್ಮದ ಕ್ಯಾನ್ಸರ್ ನಮಗೆಲ್ಲಿ ಬರುತ್ತದೆ?’ ಈ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ಮಾತ್ರ ನಿಜ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾಗಿ ಬಣ್ಣದ ಜೀವಕೋಶಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್, ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ತುಂಬಾ ಅಪರೂಪ.

ಆದರೆ ಈ ಕಾಯಿಲೆಯ ಒಂದು ಬಗೆಗೆ ಬಿಸಿಲು ಮುಖ್ಯ ಕಾರಣವೇ ಅಲ್ಲ. ಅದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಹುಟ್ಟುತ್ತದೆ. ವೈದ್ಯರು ಇದನ್ನು ಏಕ್ರಲ್ ಮೆಲನೋಮ ಎನ್ನುತ್ತಾರೆ. ಬಿಸಿಲೇ ಹೆಚ್ಚು ತಾಗದ ಈ ಜಾಗಗಳಲ್ಲಿ ಕಪ್ಪು ಚರ್ಮದಿಂದ ವಿಶೇಷ ರಕ್ಷಣೆಯೂ ಸಿಗುವುದಿಲ್ಲ. ಕಪ್ಪು ಚರ್ಮದವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಕಾಣಿಸುವುದು ಇಲ್ಲಿಯೇ.

ಜಮೈಕಾದ ಹಾಡುಗಾರ ಬಾಬ್ ಮಾರ್ಲಿ ಇದಕ್ಕೆ ಹೆಸರಾದ ಉದಾಹರಣೆ. 1977ರಲ್ಲಿ ಅವರ ಕಾಲಿನ ಹೆಬ್ಬೆರಳಿನ ಉಗುರಿನಡಿ ಮೆಲನೋಮ ಇರುವುದು ಗೊತ್ತಾಯಿತು. ಅದಕ್ಕೂ ಮುಂಚೆ ಅದನ್ನು ಫುಟ್‌ಬಾಲ್ ಆಟದಲ್ಲಾದ ಗಾಯವೆಂದೇ ಭಾವಿಸಲಾಗಿತ್ತು. ಬೆರಳನ್ನು ಕತ್ತರಿಸಲು ವೈದ್ಯರು ಸೂಚಿಸಿದರೂ ಅವರು ಒಪ್ಪಲಿಲ್ಲ. ಬದಲಿಗೆ ಉಗುರು ಮತ್ತು ಅದರಡಿಯ ಭಾಗವನ್ನು ತೆಗೆದು ಚರ್ಮ ಕಸಿ ಮಾಡಲಾಯಿತು. ಕ್ಯಾನ್ಸರ್ ದೇಹದೆಲ್ಲೆಡೆ ಹರಡಿ, 1981ರ ಮೇ 11ರಂದು, 36ನೇ ವಯಸ್ಸಿಗೆ ಅವರು ತೀರಿಕೊಂಡರು. ಗಾಯದಿಂದಲೇ ಅವರಿಗೆ ಕ್ಯಾನ್ಸರ್ ಬಂತು ಎಂಬ ಮಾತು ಇಂದಿಗೂ ಹರಿದಾಡುತ್ತದೆ. ಆದರೆ ಅದಕ್ಕೆ ಪುರಾವೆಯಿಲ್ಲ. ಕ್ಯಾನ್ಸರ್ ಗಾಯದಂತೆ ಕಂಡಿತು ಎನ್ನುವುದೇ ಇಲ್ಲಿ ಮುಖ್ಯ ಪಾಠ.

ತಡವಾಗುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅಂಗಾಲಿನಲ್ಲಿ ಇದು ಆಣಿಯಂತೆ, ನರಹುಲಿಯಂತೆ, ಸಕ್ಕರೆ ಕಾಯಿಲೆಯವರಲ್ಲಿ ಮಾಯದ ಹುಣ್ಣಿನಂತೆ ಕಾಣಬಹುದು. ಉಗುರಿನಲ್ಲಿ ಹೆಪ್ಪುಗಟ್ಟಿದ ರಕ್ತ, ಫಂಗಸ್ ಅಥವಾ ಉಗುರುಸುತ್ತು ಎನಿಸಬಹುದು. ಕೆಲವೊಮ್ಮೆ ಇದಕ್ಕೆ ಕಪ್ಪು ಬಣ್ಣವೇ ಇರದೆ, ಬರೀ ಗುಲಾಬಿ ಗಂಟಿನಂತಿರುತ್ತದೆ. ಆಣಿಗೆ ಪಟ್ಟಿ, ಫಂಗಸ್‌ಗೆ ಮುಲಾಮು ಎಂದು ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಗೆಡ್ಡೆ ಚರ್ಮದೊಳಗೆ ಇಳಿಯುತ್ತದೆ. ಮೆಲನೋಮದಲ್ಲಿ ಈ ಆಳಕ್ಕೆ ದೊಡ್ಡ ಬೆಲೆಯಿದೆ. ಒಂದು ಮಿಲಿಮೀಟರ್‌ಗಿಂತ ತೆಳುವಾಗಿರುವಾಗಲೇ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ನಾಲ್ಕು ಮಿಲಿಮೀಟರ್ ದಾಟಿದ್ದರೆ ಅದು ಹರಡಿರುವ ಅಥವಾ ಮುಂದೆ ಹರಡುವ ಅಪಾಯ ತೀರಾ ಹೆಚ್ಚು.

ಇನ್ನೊಂದು ಗೊಂದಲವೂ ಇದೆ. ಉಗುರಿನ ಉದ್ದಕ್ಕೂ ಕಂದು ಪಟ್ಟೆಗಳಿರುವುದು ಕಪ್ಪು ಚರ್ಮದವರಲ್ಲಿ ಸಾಮಾನ್ಯ. ಹಲವು ಉಗುರುಗಳಲ್ಲಿ, ವರ್ಷಗಟ್ಟಲೆ ಒಂದೇ ರೀತಿ ಇದ್ದರೆ ಅದು ಸಾಧಾರಣವಾಗಿ ನಿರಪಾಯ. ಹಾಗಾದರೆ ಚಿಂತಿಸಬೇಕಾದದ್ದು ಯಾವಾಗ? ಪಟ್ಟೆ ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ ಹೊಸದಾಗಿ ಬಂದಿದ್ದರೆ, ಮೂರು ಮಿಲಿಮೀಟರ್‌ಗಿಂತ ಅಗಲವಿದ್ದರೆ ಅಥವಾ ಅಗಲವಾಗುತ್ತಾ ಹೋದರೆ, ಬಣ್ಣ ಹಲವು ಛಾಯೆಗಳಲ್ಲಿದ್ದರೆ, ಉಗುರು ಸೀಳಿದರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣ ಉಗುರನ್ನು ದಾಟಿ ಅದರ ಸುತ್ತಲಿನ ಚರ್ಮಕ್ಕೂ ಹರಡಿದ್ದರೆ ಅದು ದೊಡ್ಡ ಎಚ್ಚರಿಕೆ.

ಏಟಿನಿಂದಾದ ರಕ್ತವನ್ನು ಬೇರೆ ಮಾಡಿ ತಿಳಿಯಲು ಉಗುರಿನ ಬೆಳವಣಿಗೆಯೇ ಸಹಾಯ ಮಾಡುತ್ತದೆ. ಕೈ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್, ಕಾಲುಗುರು ಅದರ ಅರ್ಧದಷ್ಟು ಬೆಳೆಯುತ್ತದೆ. ರಕ್ತದ ಕಲೆ ಉಗುರಿನ ಜೊತೆ ಮುಂದೆ ಸರಿಯುತ್ತದೆ, ಅದರ ಹಿಂದೆ ಬುಡದಲ್ಲಿ ಶುದ್ಧ ಉಗುರು ಮೂಡುತ್ತದೆ. ಮೆಲನೋಮದ ಬಣ್ಣವಾದರೋ ಬುಡದಲ್ಲೇ ಹುಟ್ಟುತ್ತಿರುವುದರಿಂದ ಅಲ್ಲಿಂದ ಕದಲುವುದಿಲ್ಲ. ಇಂದೊಂದು ಫೋಟೋ, ತಿಂಗಳು ಬಿಟ್ಟು ಇನ್ನೊಂದು ತೆಗೆದರೆ ವ್ಯತ್ಯಾಸ ಕಾಣುತ್ತದೆ. ಆದರೆ ಇದು ಏಟು ಬಿದ್ದದ್ದು ಖಚಿತವಿರುವಾಗ ಮಾತ್ರ. ಗೆಡ್ಡೆಯಿಂದಲೂ ರಕ್ತ ಒಸರಬಹುದಾದ್ದರಿಂದ, ಮೇಲೆ ಹೇಳಿದ ಲಕ್ಷಣಗಳಿದ್ದರೆ ತಿಂಗಳು ಕಾಯುತ್ತಾ ಕೂರಬಾರದು.

ಅಂಗಾಲಿನ ಮಚ್ಚೆಯನ್ನು ಚರ್ಮವೈದ್ಯರು ಡರ್ಮಟೋಸ್ಕೋಪ್ ಎಂಬ ದೀಪವಿರುವ ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂಥ ಉಬ್ಬು-ತಗ್ಗಿನ ಗೆರೆಗಳಿವೆ. ನಿರಪಾಯ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನಲ್ಲಿ, ಮೆಲನೋಮದ್ದು ಉಬ್ಬಿನ ಮೇಲೆ ಕಾಣುತ್ತದೆ. ಕೊನೆಯ ಮಾತು ಬಯಾಪ್ಸಿಯದ್ದೇ. ಉಗುರಾದರೆ ಬಣ್ಣ ಹುಟ್ಟುವ ಬುಡದಿಂದಲೇ ಚೂರು ತೆಗೆಯಬೇಕು. ತುದಿಯ ಉಗುರನ್ನಷ್ಟೇ ಕತ್ತರಿಸಿ ಕಳಿಸಿದರೆ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು.

ಬರಿಗಾಲಲ್ಲಿ ಓಡಾಡುವ ನಮ್ಮಲ್ಲಿ ಅಂಗಾಲಿನ ಕಲೆ, ಬಿರುಕುಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಎಲ್ಲ ಕಲೆಗಳಿಗೂ ಹೆದರಬೇಕಿಲ್ಲ. ಆದರೆ ಚಿಕಿತ್ಸೆಗೆ ಮಾಯದ ಆಣಿ, ಬೆಳೆಯುತ್ತಿರುವ ಮಚ್ಚೆ ಅಥವಾ ಜಾಗ ಬಿಡದ ಉಗುರಿನ ಕಪ್ಪು ಕಂಡರೆ ಮುಲಾಮು ಬದಲಿಸುವ ಬದಲು ಚರ್ಮವೈದ್ಯರಿಗೆ ತೋರಿಸಿ, ‘ಬಯಾಪ್ಸಿ ಬೇಕೇ?’ ಎಂದು ಕೇಳಿ.