ಮೊದಲನೇ ತಿಂಗಳ ಬಾಡಿಗೆ ಬರೆದರೆ ಸಾಕಾ?

ದಿನಸಿ ಅಂಗಡಿ ಇಡಬೇಕು ಅನ್ನೋರು ಖರ್ಚಿನ ಪಟ್ಟಿ ಬರೆಯೋಕೆ ಕೂತ್ರೆ ಮೊದಲು ಬರೆಯೋದು ಸಾಮಾನು. ಅಕ್ಕಿ ಇಷ್ಟು ಮೂಟೆ, ಎಣ್ಣೆ ಇಷ್ಟು ಬಾಕ್ಸು ಅಂತ. ಆಮೇಲೆ ರ‍್ಯಾಕು, ಲೈಸೆನ್ಸು. ಕೊನೇಲಿ ಅಡ್ವಾನ್ಸು ಮತ್ತು ಒಂದು ತಿಂಗಳ ಬಾಡಿಗೆ. ಈ ಪಟ್ಟಿಯನ್ನ ತಲೆಕೆಳಗು ಮಾಡಬೇಕು ಅನ್ನೋದು ನನ್ನ ವಾದ. ಬಾಡಿಗೆಯಿಂದ ಶುರು ಮಾಡಿ, ಸಾಮಾನನ್ನ ಕೊನೇಲಿ ಬರೀಬೇಕು.

ನಮ್ಮ ಶ್ರೀನಗರದಲ್ಲೇ ಪಕ್ಕದ ಕ್ರಾಸಿನ ಗಂಡ ಹೆಂಡತಿ ಈಚೆಗೆ ಇಂಥದ್ದೇ ಪಟ್ಟಿ ಮಾಡಿದ್ರು. ಕೈಲಿ 5 ಲಕ್ಷ, ಅದರಲ್ಲಿ 2 ಲಕ್ಷ ಒಡವೆ ಇಟ್ಟು ತಂದಿದ್ದು. ನೋಡಿದ ಅಂಗಡಿ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಬಾಡಿಗೆ 15,000, ಅಡ್ವಾನ್ಸು ಹತ್ತು ತಿಂಗಳದ್ದು ಅಂದ್ರೆ 1,50,000. ರ‍್ಯಾಕು, ಕೌಂಟರು, ತಕ್ಕಡಿಗೆ 60,000. ಲೈಸೆನ್ಸು, ಕಾಗದ ಪತ್ರಕ್ಕೆ 10,000. ಬೋರ್ಡು, ಲೈಟಿಗೆ 15,000. ಮೊದಲ ತಿಂಗಳ ಬಾಡಿಗೆ 15,000. ಉಳಿದ 2,50,000 ಪೂರ್ತಿ ಸಾಮಾನಿಗೆ. "ಅಕ್ಕಾ, ಐದಕ್ಕೆ ಐದೂ ಸರಿಹೋಯ್ತು ನೋಡಿ" ಅಂದಳು ಆಕೆ. ಸರಿಹೋಗಿದ್ದೇ ತೊಂದರೆ. ಎರಡನೇ ತಿಂಗಳ ಒಂದನೇ ತಾರೀಕು ಮನೆ ಓನರ್ ಬಂದಾಗ ಕೊಡೋಕೆ ಸಾಮಾನು ಇರತ್ತೆ, ದುಡ್ಡಿರಲ್ಲ.

ಬಾಡಿಗೆಯಿಂದ ಲೆಕ್ಕ ಹಿಡಿದು ನೋಡೋಣ. ದಿನಸಿಯಲ್ಲಿ ಲಾಭ ಬಹಳ ಸಣ್ಣದು. ಸಕ್ಕರೆ, ಎಣ್ಣೆ, ಹಾಲಿನಲ್ಲಿ ನೂರಕ್ಕೆ ಮೂರೋ ನಾಲ್ಕೋ ರೂಪಾಯಿ ಉಳಿದರೆ ಹೆಚ್ಚು. ಕಂಪನಿ ಸೋಪು, ಬಿಸ್ಕತ್ತಿನಲ್ಲಿ ಎಂಟು ಹತ್ತು. ಬಿಡಿ ಬೇಳೆ, ಮೆಣಸು ಜೀರಿಗೆ, ಪೂಜೆ ಸಾಮಾನಿನಲ್ಲಿ ಮಾತ್ರ ಸ್ವಲ್ಪ ಕೈಗೆ ಹತ್ತತ್ತೆ. ಎಲ್ಲ ಸೇರಿಸಿ ನೂರಕ್ಕೆ ಹತ್ತು ಅಂತಲೇ ಇಟ್ಕೊಳ್ಳಿ. ಬಾಡಿಗೆ 15,000, ಕರೆಂಟು 2,500, ಒಡವೆ ಸಾಲದ ಬಡ್ಡಿ 2,000, ಆಟೋ ಬಾಡಿಗೆ, ಕವರು ಅಂತ 1,500. ಒಟ್ಟು 21,000. ಇಷ್ಟು ಲಾಭ ಬರಬೇಕಾದ್ರೆ ತಿಂಗಳಿಗೆ 2,10,000 ವ್ಯಾಪಾರ ಆಗಬೇಕು. ದಿನಕ್ಕೆ 7,000. ಇಷ್ಟಾದ್ರೂ ಇಬ್ಬರೂ ಬೆಳಿಗ್ಗೆಯಿಂದ ರಾತ್ರಿವರೆಗೂ ನಿಂತಿದ್ದಕ್ಕೆ ಒಂದು ರೂಪಾಯಿ ಕೂಲಿ ಬರಲಿಲ್ಲ. ಮನೆಗೆ 15,000 ತಗೊಂಡು ಹೋಗಬೇಕು ಅಂದ್ರೆ ವ್ಯಾಪಾರ ದಿನಕ್ಕೆ 12,000 ಮುಟ್ಟಬೇಕು.

ಅದು ಆಗತ್ತೋ ಇಲ್ವೋ ಅಂತ ಅಡ್ವಾನ್ಸು ಕೊಡೋ ಮುಂಚೆನೇ ಸ್ವಲ್ಪ ತಿಳ್ಕೋಬಹುದು. ಸಣ್ಣ ಅಂಗಡೀಲಿ ಒಬ್ಬರು ಒಂದು ಸಲಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಸಾಮಾನು ತಗೋತಾರೆ. ಎಪ್ಪತ್ತರ ಲೆಕ್ಕದಲ್ಲಿ 7,000 ಆಗೋಕೆ ನೂರು ಜನ ಬರಬೇಕು. ಎರಡು ದಿನ, ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಆ ಬೀದೀಲಿ ನಿಂತು, ಹಾಲಿಗೆ, ಕೊತ್ತಂಬರಿ ಸೊಪ್ಪಿಗೆ ಅಂತ ಕೈಲಿ ಕವರು ಹಿಡಿದು ಓಡಾಡೋರು ಎಷ್ಟು ಜನ ಅಂತ ಎಣಿಸಿ. ಅವರೆಲ್ಲ ನಿಮ್ಮ ಹತ್ರನೇ ಬರಲ್ಲ, ಅರ್ಧ ಬಂದರೂ ಪುಣ್ಯ. ಎಣಿಸಿದಾಗ ನೂರೈವತ್ತು ಜನ ಕೂಡ ಸಿಗದಿದ್ರೆ ಆ ಬಾಡಿಗೆ ಆ ಜಾಗಕ್ಕೆ ಜಾಸ್ತಿ ಅಂತಲೇ ಅರ್ಥ.

ಇನ್ನು ಸಾಮಾನಿಗೆ ಬರ್ತೀನಿ. ಅಂಗಡಿ ತುಂಬಿದ ಹಾಗೆ ಕಾಣಬೇಕು ಅಂತ ಎರಡೂವರೆ ಲಕ್ಷ ಸುರಿಯೋದು ಬೇಡ. ದಿನಕ್ಕೆ 7,000 ವ್ಯಾಪಾರ ಅಂದ್ರೆ ಇಪ್ಪತ್ತು ದಿನಕ್ಕೆ 1,40,000. ಅಷ್ಟು ಸಾಮಾನು ಸಾಕು. ಈಗ ನಮ್ಮ ಕಡೆ ತಿಂಗಳ ರೇಷನ್ನು ದೊಡ್ಡ ಅಂಗಡಿಯಿಂದಲೋ ಮೊಬೈಲಿನಿಂದಲೋ ಬಂದುಬಿಡತ್ತೆ. ಬೀದಿ ಅಂಗಡಿಗೆ ಓಡಿಬರೋದು ಒಗ್ಗರಣೆ ಹಾಕುವಾಗ ಸಾಸಿವೆ ಮುಗಿದಾಗ. ಹಾಗಾಗಿ ಐದು ಲೀಟರ್ ಎಣ್ಣೆ ಕ್ಯಾನಿಗಿಂತ ಅರ್ಧ ಲೀಟರ್ ಪ್ಯಾಕೆಟ್ಟು, ಕೇಜಿಗಿಂತ ಕಾಲು ಕೇಜಿ ಬೇಳೆ ಬೇಗ ಹೋಗತ್ತೆ. ಡಿಸ್ಟ್ರಿಬ್ಯೂಟರ್ ಕಡೆ ಹುಡುಗ "ಎರಡು ಕೇಸ್ ತಗೊಳ್ಳಿ ಆಂಟಿ, ಸ್ಕೀಮ್ ಇದೆ" ಅಂತಾನೆ. ಆ ಸ್ಕೀಮಿನ ಲಾಭ ಬರೋದು ಎರಡು ಕೇಸೂ ಖಾಲಿಯಾದ ಮೇಲೆ. ಮಳೆಗಾಲದಲ್ಲಿ ರವೆ, ಮೈದಾಗೆ ಹುಳ ಬಿತ್ತು ಅಂದ್ರೆ ಅದು ಯಾವ ಸ್ಕೀಮಿಗೂ ಸೇರಲ್ಲ. ತಂದ ದಿನಾಂಕವನ್ನ ಬಾಕ್ಸಿನ ಮೇಲೆ ಬರೆದಿಡಿ. ತಿಂಗಳಾದ್ರೂ ಕದಲದೆ ಇದ್ದಿದ್ದನ್ನ ಮತ್ತೆ ತರಬೇಡಿ.

ರ‍್ಯಾಕು ಹೊಸದೇ ಆಗಬೇಕಿಲ್ಲ. ಮುಚ್ಚೋ ಅಂಗಡಿಯವರು ಮಾರೋ ನಟ್ಟು ಬೋಲ್ಟಿನ ಕಬ್ಬಿಣದ ರ‍್ಯಾಕು ಚೆನ್ನಾಗೇ ಇರತ್ತೆ, ಆಮೇಲೆ ಮಾರಿದ್ರೂ ದುಡ್ಡು ಬರತ್ತೆ. ಗೋಡೆಗೆ ಅಂಟಿಸಿ ಮಾಡಿಸಿದ ಮರದ ಕೆಲಸ ಓನರಿಗೇ ದಾನ. ಹೀಗೆ ಮಾಡಿದ್ರೆ 60,000 ಬದಲು 40,000ಕ್ಕೆ ಮುಗಿಯತ್ತೆ.

ಲೈಸೆನ್ಸಿನ ಫೀಸಿಗಿಂತ ಅದಕ್ಕೆ ಬೇಕಾದ ಕಾಗದವೇ ದೊಡ್ಡ ವಿಷಯ. ಪಾಲಿಕೆಯ ಟ್ರೇಡ್ ಲೈಸೆನ್ಸು, ತಿನ್ನೋ ಸಾಮಾನು ಮಾರೋಕೆ ಎಫ್ಎಸ್ಎಸ್ಎಐ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ. ಕರಾರು ಪತ್ರ ಮಾಡಿಕೊಡ್ತೀರಾ, ಕಟ್ಟಡದ ತೆರಿಗೆ ರಸೀದಿ ಕೊಡ್ತೀರಾ, ಅಂಗಡಿಗೇ ಬೇರೆ ಮೀಟರ್ ಇದೆಯಾ ಅಂತ ಅಡ್ವಾನ್ಸಿಗೆ ಮುಂಚೆ ಓನರ್ ಹತ್ರ ಕೇಳಿ. ಕೊಟ್ಟಮೇಲೆ ಕೇಳಿದ್ರೆ ನಾಳೆ ನಾಡಿದ್ದು ಅಂತಾರೆ.

ಜಿಎಸ್‌ಟಿನೂ ಮರೆಯೋ ಹಾಗಿಲ್ಲ. ಬರೀ ಸಾಮಾನು ಮಾರೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ನೋಂದಣಿ ಆಗಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡು ಹಾಕಿದ್ದು ನೆನಪಿರಬಹುದು. 40 ಲಕ್ಷ ಅಂದ್ರೆ ದೊಡ್ಡೋರ ಅಂಗಡಿ ಅಂತ ತಿಳ್ಕೋಬೇಡಿ. ಮೇಲೆ ಹೇಳಿದ ದಿನಕ್ಕೆ 12,000 ವರ್ಷಕ್ಕೆ 43 ಲಕ್ಷ ದಾಟತ್ತೆ. ಸೋಪು ಬಿಸ್ಕತ್ತಿನ ಜೊತೆ ಹಾಲು, ತರಕಾರಿ ಮಾರಿದ್ರೆ ಅದಕ್ಕೆ ತೆರಿಗೆ ಇಲ್ಲದಿದ್ರೂ ಅದರ ದುಡ್ಡು ಈ ಲೆಕ್ಕಕ್ಕೆ ಸೇರತ್ತೆ. ಮನೆ ದುಡ್ಡು, ಚೀಟಿ ದುಡ್ಡು ಎಲ್ಲ ಅಂಗಡಿ ಯುಪಿಐಗೇ ಬಂದ್ರೆ ಯಾವುದು ವ್ಯಾಪಾರ ಅಂತ ತೋರಿಸೋದು ಕಷ್ಟ. ಅಂಗಡಿಗೆ ಬೇರೆ ಖಾತೆ ಇರಲಿ, ಕೊಂಡ ಬಿಲ್ಲುಗಳನ್ನ ಒಂದು ಫೈಲಿಗೆ ಹಾಕಿಡಿ.

ಈಗ ಪಟ್ಟಿ ಮತ್ತೆ ಬರೆಯೋಣ. ಅಡ್ವಾನ್ಸು 1,50,000. ಬಾಡಿಗೆ ಮೂರು ತಿಂಗಳಿಗೆ 45,000. ರ‍್ಯಾಕು, ತಕ್ಕಡಿ 40,000. ಕಾಗದ ಪತ್ರ 10,000. ಬೋರ್ಡು, ಲೈಟು 15,000. ಸಾಮಾನು 1,40,000. ಇದು 4 ಲಕ್ಷ. ಉಳಿದ 1 ಲಕ್ಷ ಬ್ಯಾಂಕಲ್ಲೇ ಇರಲಿ. ಅದರಲ್ಲಿ 60,000 ಎರಡನೇ ಸಲದ ಖರೀದಿಗೆ. ಹೊಸ ಅಂಗಡಿಗೆ ಡಿಸ್ಟ್ರಿಬ್ಯೂಟರುಗಳು ಸಾಮಾನ್ಯವಾಗಿ ಸಾಲ ಕೊಡಲ್ಲ, ನಗದೇ ಕೇಳ್ತಾರೆ. ನಮ್ಮ ಬೀದಿಯೋರು ಮಾತ್ರ ಮೊದಲನೇ ವಾರದಿಂದಲೇ "ಬರ್ಕೊಳ್ಳಿ, ಸಂಬಳ ಬಂದಮೇಲೆ ಕೊಡ್ತೀವಿ" ಅಂತಾರೆ. ಆ ಮಧ್ಯದ ಹಳ್ಳ ತುಂಬೋದು ಈ ದುಡ್ಡೇ. ಇನ್ನುಳಿದ 40,000 ಕರೆಂಟು, ಬಡ್ಡಿ, ಮನೆ ಖರ್ಚಿಗೆ.

ಆ ಹುಡುಗಿ ಪಟ್ಟಿ ನೋಡಿ, "ರ‍್ಯಾಕು ಅರ್ಧ ಖಾಲಿ ಕಾಣಲ್ವಾ ಅಕ್ಕಾ?" ಅಂದಳು. ಕಾಣಲಿ. ಕೇಳಿದ ಸಾಮಾನು ಇಲ್ಲ ಅಂದಾಗ ಒಂದು ಪುಸ್ತಕದಲ್ಲಿ ಬರ್ಕೊಂಡು ಹೋಗು, ಒಂದೇ ಸಾಮಾನನ್ನ ಮೂರು ಜನ ಕೇಳಿದ್ರೆ ಆ 60,000ದಲ್ಲಿ ಅದನ್ನ ತಾ ಅಂತ ಹೇಳಿದ್ದೀನಿ.