ಎಲ್ಲ ಪಿನ್ನಿಗೂ ಹತ್ತೇ ರೂಪಾಯಿಯೆ?

ಜಾನ್ ಡಿಯರ್ ಕಂಪನಿಯ ಹಸಿರು ಟ್ರ್ಯಾಕ್ಟರನ್ನು ನಮ್ಮ ಕಡೆಯ ಹೊಲಗಳಲ್ಲೂ ನೀವು ನೋಡಿರುತ್ತೀರಿ. ಆ ಕಂಪನಿಯ ಮೂಲ ನೆಲೆ ಅಮೆರಿಕ. ಅಲ್ಲಿನ ಅಯೋವಾ ರಾಜ್ಯದ ವಾಟರ್‌ಲೂ ಎಂಬ ಊರಿನಲ್ಲಿ ಅದರದೇ ಒಂದು ಬಿಡಿಭಾಗಗಳ ಕಾರ್ಖಾನೆ ಇತ್ತು. ಉಕ್ಕಿನ ಸರಳನ್ನು ಹಿಡಿದು ತಿರುಗಿಸುತ್ತ, ಹಲವು ಉಳಿಗಳಿಂದ ಕೆತ್ತಿ, ಕೊನೆಗೆ ತುಂಡರಿಸಿ ಹಾಕುವ ಸ್ವಯಂಚಾಲಿತ ಯಂತ್ರಗಳಲ್ಲಿ ಪಿನ್ನು, ತಿರುಪುಗಳಂತಹ ನೂರಾರು ಬಗೆಯ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು. 1980ರ ದಶಕದಲ್ಲಿ ಅಮೆರಿಕದ ರೈತರು ಸಾಲದ ಹೊರೆಯಲ್ಲಿ ಸಿಲುಕಿದರು. ಟ್ರ್ಯಾಕ್ಟರ್ ಕೊಳ್ಳುವವರು ಕಡಿಮೆಯಾದರು, ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಸಾಲದಾಯಿತು. 1984ರಲ್ಲಿ ಅದೇ ಕಂಪನಿಯ ಟ್ರ್ಯಾಕ್ಟರ್ ವಿಭಾಗ 275 ಭಾಗಗಳಿಗೆ ದರ ಕೇಳಿತು. ಹೊರಗಿನ ಸರಬರಾಜುದಾರರೂ ಸ್ಪರ್ಧೆಗಿಳಿದಿದ್ದರು. ವಾಟರ್‌ಲೂ ಕಾರ್ಖಾನೆ ಗೆದ್ದದ್ದು 58ನ್ನು ಮಾತ್ರ.

ಸೋತದ್ದಕ್ಕಿಂತ ಹೆಚ್ಚು ಆಶ್ಚರ್ಯದ ಸಂಗತಿ ಇನ್ನೊಂದಿತ್ತು. ಗೆದ್ದವುಗಳಲ್ಲಿ ಬಹುಪಾಲು ಅಲ್ಪ ಸಂಖ್ಯೆಯಲ್ಲಿ ಬೇಕಾಗುವ ಭಾಗಗಳು. ದೊಡ್ಡ ಯಂತ್ರಗಳಿಗೆ ಹೇಳಿಸಿದಂತಿದ್ದ, ಸಾವಿರಗಟ್ಟಲೆ ಬೇಕಾಗುವ ಭಾಗಗಳೇ ಕೈತಪ್ಪಿದ್ದವು. ತನಗೆ ಚೆನ್ನಾಗಿ ಬರುವ ಕೆಲಸದಲ್ಲೇ ಕಾರ್ಖಾನೆ ದುಬಾರಿಯಾಗಿ, ತನಗೆ ಒಗ್ಗದ ಕೆಲಸದಲ್ಲಿ ಅಗ್ಗವಾಗಿ ಕಂಡದ್ದು ಹೇಗೆ? ಯಂತ್ರದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ವೆಚ್ಚದ ಲೆಕ್ಕದಲ್ಲಿ.

ಒಂದು ವಸ್ತುವಿಗೆ ತಗಲುವ ಕಚ್ಚಾ ಸಾಮಗ್ರಿ ಮತ್ತು ಕೂಲಿಯನ್ನು ನೇರವಾಗಿ ಅಳೆಯಬಹುದು. ಆದರೆ ವಿದ್ಯುತ್ತು, ಯಂತ್ರದ ಸವಕಳಿ, ಯಂತ್ರ ಹೊಂದಿಸುವವರ ಸಂಬಳ, ಆರ್ಡರಿನ ಕಾಗದಪತ್ರ, ಸಾಮಾನು ಸಾಗಿಸುವ ಗಾಡಿ, ಇವೆಲ್ಲ ಯಾವ ಒಂದು ವಸ್ತುವಿಗೂ ಅಂಟಿಕೊಂಡಿರುವುದಿಲ್ಲ. ಇವಕ್ಕೆ ಓವರ್‌ಹೆಡ್, ಅಂದರೆ ಮೇಲ್ವೆಚ್ಚ ಎಂದು ಹೆಸರು. ಇದನ್ನು ವಸ್ತುಗಳ ಮೇಲೆ ಹಂಚಲು ತೀರ ಸುಲಭವಾದ ದಾರಿ ಒಂದಿದೆ. ವರ್ಷದ ಒಟ್ಟು ಮೇಲ್ವೆಚ್ಚವನ್ನು ವರ್ಷದ ಒಟ್ಟು ಕೂಲಿ ಗಂಟೆಗಳಿಂದ ಭಾಗಿಸಿ, ಬಂದ ದರವನ್ನು ಇಡೀ ಕಾರ್ಖಾನೆಗೆ ಅನ್ವಯಿಸುವುದು. ಕೈಕೆಲಸವೇ ಮುಖ್ಯವಾಗಿದ್ದ, ಮೇಲ್ವೆಚ್ಚ ಅಲ್ಪವಾಗಿದ್ದ ಕಾಲದಲ್ಲಿ ಇದರಿಂದ ದೊಡ್ಡ ಹಾನಿಯಾಗುತ್ತಿರಲಿಲ್ಲ. ಒಬ್ಬನೇ ಕೆಲಸಗಾರ ಎರಡು ಮೂರು ಯಂತ್ರಗಳನ್ನು ನೋಡಿಕೊಳ್ಳುವ ಕಾಲ ಬಂದ ಮೇಲೆ ಕೂಲಿಯ ಪಾಲು ಕುಗ್ಗಿತು, ಮೇಲ್ವೆಚ್ಚ ಬೆಳೆಯಿತು. ಆದರೂ ಹಲವು ಕಡೆ ಅಳತೆಗೋಲು ಮಾತ್ರ ಹಳೆಯದೇ ಉಳಿಯಿತು.

ಒಂದು ಚಿಕ್ಕ ಕಾರ್ಖಾನೆಯನ್ನು ಕಲ್ಪಿಸಿಕೊಂಡು ಲೆಕ್ಕ ಮಾಡಿಯೇ ನೋಡೋಣ. ಅಂಕಿಗಳು ನಾನೇ ಇಟ್ಟುಕೊಂಡವು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಕೂತರೆ ಒಳ್ಳೆಯದು.

ಈ ಕಾರ್ಖಾನೆಯಲ್ಲಿ ಎರಡೇ ಬಗೆಯ ಪಿನ್ನು. ಸಾದಾ ಪಿನ್ನು ವರ್ಷಕ್ಕೆ 90,000, ವಿಶೇಷ ಪಿನ್ನು 10,000. ಯಾವ ಪಿನ್ನಾದರೂ ಯಂತ್ರದ ಮೇಲೆ 6 ನಿಮಿಷ ಇರುತ್ತದೆ. ಒಬ್ಬ ಕೆಲಸಗಾರ ಎರಡು ಯಂತ್ರ ನೋಡಿಕೊಳ್ಳುವುದರಿಂದ ಪ್ರತಿ ಪಿನ್ನಿಗೆ ಬೀಳುವ ಕೂಲಿಯ ಕಾಲ 3 ನಿಮಿಷ. ಸಾಮಗ್ರಿ ಮತ್ತು ಕೂಲಿ ಸೇರಿ ಎರಡಕ್ಕೂ ತಲಾ 12 ರೂಪಾಯಿ. ವರ್ಷದ ಮೇಲ್ವೆಚ್ಚ 10 ಲಕ್ಷ ರೂಪಾಯಿ. ಒಟ್ಟು ಕೂಲಿ ಗಂಟೆ 5,000 ಆದ್ದರಿಂದ ಗಂಟೆಗೆ 200 ರೂಪಾಯಿಯ ದರ ಬಂತು. 3 ನಿಮಿಷಕ್ಕೆ 10 ರೂಪಾಯಿ. ಸಾದಾ ಪಿನ್ನಿಗೂ 22, ವಿಶೇಷ ಪಿನ್ನಿಗೂ 22. ಲೆಕ್ಕ ಎಷ್ಟು ಚೊಕ್ಕ!

ಈಗ ಲೆಕ್ಕದ ಪುಸ್ತಕ ಮುಚ್ಚಿಟ್ಟು ಯಂತ್ರದ ಬಳಿಗೆ ಹೋಗೋಣ. ಸಾದಾ ಪಿನ್ನನ್ನು ಒಮ್ಮೆಗೆ 9,000ದಂತೆ ವರ್ಷಕ್ಕೆ 10 ಸಲ ಮಾಡುತ್ತಾರೆ. ವಿಶೇಷ ಪಿನ್ನಿಗೆ ಗಿರಾಕಿಗಳು ಬಿಡಿಬಿಡಿಯಾಗಿ ಬರುವುದರಿಂದ ಒಮ್ಮೆಗೆ 250ರಂತೆ 40 ಸಲ. ಪ್ರತಿ ಸಲವೂ ಹಳೆಯ ಉಳಿಗಳನ್ನು ಬಿಚ್ಚಿ ಹೊಸವನ್ನು ಕೂರಿಸಬೇಕು, ಮೊದಲ ಕೆಲವು ಪಿನ್ನುಗಳನ್ನು ಅಳೆದು ಸರಿಪಡಿಸಬೇಕು. ಇದೇ ಸೆಟ್‌ಅಪ್. ಒಂದಕ್ಕೆ 4 ಗಂಟೆ. ಆ ಹೊತ್ತಿನಲ್ಲಿ ಯಂತ್ರದಿಂದ ಒಂದು ಪಿನ್ನೂ ಹೊರಬರುವುದಿಲ್ಲ. ಜೊತೆಗೆ ಪ್ರತಿ ಸಲವೂ ಒಂದು ಆರ್ಡರ್ ಬರೆಯಬೇಕು, ಸರಳುಗಳನ್ನು ಉಗ್ರಾಣದಿಂದ ತರಬೇಕು, ಆದ ಪಿನ್ನುಗಳನ್ನು ಒಯ್ಯಬೇಕು. ಈ ಕೆಲಸ ಪಿನ್ನು 250 ಇದ್ದರೂ ಅಷ್ಟೇ, 9,000 ಇದ್ದರೂ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ 10 ಲಕ್ಷವನ್ನು ಒಂದೇ ರಾಶಿಯಾಗಿ ನೋಡದೆ, ಅದು ಯಾವ ಯಾವ ಕೆಲಸಕ್ಕೆ ಖರ್ಚಾಯಿತೆಂದು ಬಿಡಿಸಬೇಕು. ಯಂತ್ರ ಓಡಿಸಲು 5 ಲಕ್ಷ, ಸೆಟ್‌ಅಪ್‌ಗೆ 3 ಲಕ್ಷ, ಆರ್ಡರ್ ಮತ್ತು ಸಾಗಾಟಕ್ಕೆ 2 ಲಕ್ಷ ಎಂದಿಟ್ಟುಕೊಳ್ಳಿ. ಪ್ರತಿಯೊಂದು ಕೆಲಸವನ್ನೂ ಹೆಚ್ಚು ಕಡಿಮೆ ಮಾಡಿಸುವ ಕಾರಣ ಒಂದಿರುತ್ತದೆ. ಯಂತ್ರದ ಖರ್ಚಿಗೆ ಯಂತ್ರ ಓಡಿದ ಗಂಟೆಗಳು, ಸೆಟ್‌ಅಪ್ ಖರ್ಚಿಗೆ ಸೆಟ್‌ಅಪ್‌ಗಳ ಸಂಖ್ಯೆ, ಕಾಗದಪತ್ರ ಮತ್ತು ಸಾಗಾಟಕ್ಕೆ ಆರ್ಡರುಗಳ ಸಂಖ್ಯೆ. ಇವಕ್ಕೆ ಕಾಸ್ಟ್ ಡ್ರೈವರ್ ಎನ್ನುತ್ತಾರೆ. ಬಂಡಿಯನ್ನು ಎತ್ತು ಎಳೆದಂತೆ ಖರ್ಚನ್ನು ಎಳೆಯುವ ಕಾರಣ ಎಂದುಕೊಳ್ಳಿ. ಈ ವಿಧಾನದ ಹೆಸರು ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್, ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ.

ಯಂತ್ರ ಓಡುವುದು 10,000 ಗಂಟೆ, ಅಂದರೆ ಗಂಟೆಗೆ 50 ರೂಪಾಯಿ, ಪಿನ್ನಿಗೆ 5. ಇದು ಎರಡಕ್ಕೂ ಸಮಾನ. ಸೆಟ್‌ಅಪ್ ಒಟ್ಟು 50, ಒಂದಕ್ಕೆ 6,000 ರೂಪಾಯಿ. ಆರ್ಡರೂ 50, ಒಂದಕ್ಕೆ 4,000. ಹಾಗಾದರೆ ಒಂದು ಸಲ ಯಂತ್ರ ಹೊಂದಿಸಿ ಕೆಲಸ ಆರಂಭಿಸಿದರೆ 10,000 ರೂಪಾಯಿ ಖರ್ಚು. ಸಾದಾ ಪಿನ್ನಿನಲ್ಲಿ ಅದು 9,000 ಪಿನ್ನುಗಳಿಗೆ ಹಂಚಿ ಹೋಗಿ ತಲಾ 1 ರೂಪಾಯಿ 11 ಪೈಸೆಯಾಗುತ್ತದೆ. ವಿಶೇಷ ಪಿನ್ನಿನಲ್ಲಿ 250ಕ್ಕೆ ಹಂಚಿ ತಲಾ 40 ರೂಪಾಯಿ. ಮೇಲ್ವೆಚ್ಚ ಒಂದಕ್ಕೆ 6.11, ಇನ್ನೊಂದಕ್ಕೆ 45. ಸಾಮಗ್ರಿ, ಕೂಲಿ ಸೇರಿಸಿದರೆ ಸಾದಾ ಪಿನ್ನಿನ ನಿಜವಾದ ವೆಚ್ಚ 18.11, ವಿಶೇಷ ಪಿನ್ನಿನದು 57. ಕೂಡಿ ನೋಡಿ, ಒಟ್ಟು ಮೇಲ್ವೆಚ್ಚ ಅದೇ 10 ಲಕ್ಷ. ಹೊಸ ಖರ್ಚು ಹುಟ್ಟಲಿಲ್ಲ, ಹಳೆಯದು ಮಾಯವಾಗಲೂ ಇಲ್ಲ.

ಹಳೆಯ ಲೆಕ್ಕವನ್ನು ನಂಬಿದ ಮಾಲೀಕ ಎರಡನ್ನೂ 24 ರೂಪಾಯಿಗೆ ಮಾರುತ್ತಾನೆ. ಸಾದಾ ಪಿನ್ನನ್ನಷ್ಟೇ ಮಾಡುವ ಪಕ್ಕದ ಕಾರ್ಖಾನೆಯವನು 20ಕ್ಕೇ ಕೊಟ್ಟು ಗಿರಾಕಿಯನ್ನು ಕರೆದೊಯ್ಯುತ್ತಾನೆ. ನಮ್ಮ ಮಾಲೀಕನಿಗೆ ಅವನು ನಷ್ಟಕ್ಕೆ ಮಾರುವ ಹುಚ್ಚನಂತೆ ಕಾಣುತ್ತಾನೆ. ವಿಶೇಷ ಪಿನ್ನಿಗಾದರೋ ಗಿರಾಕಿಗಳು ಸಾಲುಗಟ್ಟುತ್ತಾರೆ. 57 ಖರ್ಚು ಮಾಡಿ 24ಕ್ಕೆ ಕೊಡುವವನು ಬೇರೆಲ್ಲಿ ಸಿಕ್ಕಾನು? ವಾಟರ್‌ಲೂನಲ್ಲಿ ಆದದ್ದೂ ಇದೇ ಬಗೆಯದು.

ಮುಂದಿನದು ಇನ್ನೂ ಕಷ್ಟ. ಸಾದಾ ಪಿನ್ನಿನ ಅರ್ಧ ವ್ಯಾಪಾರ ಹೋಯಿತೆನ್ನಿ. ಕೂಲಿ ಗಂಟೆ 5,000ದಿಂದ 2,750ಕ್ಕೆ ಇಳಿಯಿತು. ಆದರೆ ಕಟ್ಟಡ, ಯಂತ್ರ, ಸಂಬಳಗಳು ಅಷ್ಟು ಬೇಗ ಇಳಿಯುವುದಿಲ್ಲ. ಮೇಲ್ವೆಚ್ಚ 9 ಲಕ್ಷಕ್ಕೆ ಇಳಿದರೂ ದರ ಗಂಟೆಗೆ 200 ಇದ್ದದ್ದು 327 ಆಗುತ್ತದೆ. ಉಳಿದ ಸಾದಾ ಪಿನ್ನು ಇನ್ನೂ ದುಬಾರಿಯಾಗಿ ಕಾಣುತ್ತದೆ, ಅದೂ ಕೈಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಟರ್‌ಲೂ ಕಾರ್ಖಾನೆಯಲ್ಲಿ ಹಂಚಿಕೆಗೆ ಒಂದೇ ಅಳತೆ ಇರಲಿಲ್ಲ. ಕೂಲಿಯ ಜೊತೆಗೆ ಯಂತ್ರದ ಗಂಟೆ ಮತ್ತು ಸಾಮಗ್ರಿಯ ಬೆಲೆಯನ್ನೂ ಬಳಸುತ್ತಿದ್ದರು. ಹಾಗಿದ್ದೂ ಲೆಕ್ಕ ತಪ್ಪಿದ್ದೇಕೆಂದರೆ, ಆ ಮೂರೂ ಅಳತೆಗಳು ವಸ್ತುವಿನ ಸಂಖ್ಯೆ ಏರಿದಂತೆ ಏರುವಂಥವು. ಸೆಟ್‌ಅಪ್ ಮತ್ತು ಆರ್ಡರ್ ಸಂಖ್ಯೆ ಹಾಗೆ ಏರುವುದಿಲ್ಲ. ಅಳತೆಗಳು ಎಷ್ಟಿವೆ ಎಂಬುದಕ್ಕಿಂತ ಯಾವ ಜಾತಿಯವು ಎಂಬುದು ಮುಖ್ಯ. ಆಮೇಲೆ ಅಲ್ಲಿನವರು ಸೆಟ್‌ಅಪ್ ಗಂಟೆ, ಆರ್ಡರ್, ಸಾಮಗ್ರಿ ಸಾಗಾಟ, ಪ್ರತಿ ಭಾಗದ ನಕ್ಷೆ ಮತ್ತು ದಾಖಲೆಗಳ ನಿರ್ವಹಣೆ ಹೀಗೆ ಬೇರೆ ಬೇರೆ ಚಟುವಟಿಕೆಗಳಾಗಿ ಖರ್ಚನ್ನು ಬಿಡಿಸಿದರು. ಹಾರ್ವರ್ಡಿನ ರಾಬರ್ಟ್ ಕ್ಯಾಪ್ಲನ್ ಅವರು ಇದನ್ನು ಬರೆದು ಪಾಠಕ್ಕೆ ಇಟ್ಟ ಮೇಲೆ ಈ ವಿಧಾನ ಜಗತ್ತಿಗೆಲ್ಲ ಪರಿಚಯವಾಯಿತು.

ಹಾಗೆಂದು ಎಲ್ಲ ಕಾರ್ಖಾನೆಗೂ ಇದು ಬೇಕಿಲ್ಲ. ಪರೀಕ್ಷೆ ಸುಲಭ. ನಮ್ಮ ಲೆಕ್ಕದಲ್ಲಿ ಕೂಲಿ ಗಂಟೆ 90ಕ್ಕೆ 10ರಂತೆ ಹಂಚಿಕೆಯಾಗಿದ್ದರೆ, ಸೆಟ್‌ಅಪ್ 20ಕ್ಕೆ 80ರಂತಿತ್ತು. ಈ ಅಂತರದಿಂದಲೇ ಲೆಕ್ಕ ವಕ್ರವಾದದ್ದು. ಎರಡು ಅನುಪಾತಗಳೂ ಒಂದೇ ಆಗಿದ್ದರೆ ಎರಡು ವಿಧಾನಗಳೂ ಒಂದೇ ಉತ್ತರ ಕೊಡುತ್ತವೆ. ಬೇಕಾದರೆ ವಿಶೇಷ ಪಿನ್ನಿಗೆ 5 ಸೆಟ್‌ಅಪ್, ಸಾದಾ ಪಿನ್ನಿಗೆ 45 ಇಟ್ಟು ಮಾಡಿ ನೋಡಿ. ಇಟ್ಟಿಗೆಯೊಂದನ್ನೇ ಸುಡುವ ಭಟ್ಟಿಯವನಿಗೆ ಒಂದೇ ದರ ಧಾರಾಳವಾಗಿ ಸಾಕು.

ಹೊಸ ವಿಧಾನಕ್ಕೂ ಮಿತಿಗಳಿವೆ. ಕಾವಲುಗಾರನ ಸಂಬಳವನ್ನು, ಮ್ಯಾನೇಜರರ ಕೋಣೆಯ ಬಾಡಿಗೆಯನ್ನು ಎಳೆಯುವ ಎತ್ತು ಯಾವುದು? ಪಿನ್ನೂ ಅಲ್ಲ, ಸೆಟ್‌ಅಪ್ಪೂ ಅಲ್ಲ. ಅಂಥ ಖರ್ಚನ್ನು ಬಲವಂತದಿಂದ ಪಿನ್ನಿನ ತಲೆಗೆ ಕಟ್ಟುವುದಕ್ಕಿಂತ ಪ್ರತ್ಯೇಕವಾಗಿ ಇಡುವುದೇ ಪ್ರಾಮಾಣಿಕತೆ ಎಂದು ನನ್ನ ಅಭಿಪ್ರಾಯ. ಇನ್ನೊಂದು ತೊಡಕು ಜನರ ಮಾತಿನದು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಸಿಬ್ಬಂದಿಯನ್ನು ಕೇಳಿ ಶೇಕಡಾವಾರು ಬರೆದುಕೊಳ್ಳುವುದು ರೂಢಿ. ಎಲ್ಲರ ಉತ್ತರವೂ ಕೂಡಿದರೆ 100 ಆಗುತ್ತದೆ. "ಶೇಕಡಾ 30 ಹೊತ್ತು ಸುಮ್ಮನೆ ಕೂತಿದ್ದೆ" ಎಂದು ಯಾರು ತಾನೆ ಹೇಳುತ್ತಾರೆ? ನಮ್ಮ ಸೆಟ್‌ಅಪ್ ತಂಡ 300 ಗಂಟೆ ದುಡಿಯಬಲ್ಲದು, ಆದರೆ 50 ಸೆಟ್‌ಅಪ್‌ಗೆ ಆದದ್ದು 200 ಗಂಟೆ ಎನ್ನೋಣ. ಆಗ ಸರಿಯಾದ ದರ ಗಂಟೆಗೆ 1,500 ಅಲ್ಲ, 1,000. ಸೆಟ್‌ಅಪ್ ಒಂದಕ್ಕೆ 4,000. ಉಳಿದ 1 ಲಕ್ಷ ಕೆಲಸವಿಲ್ಲದೆ ಕಳೆದ ಹೊತ್ತಿನ ಬೆಲೆ. ಅದನ್ನು ಯಾವ ಪಿನ್ನಿನ ಲೆಕ್ಕಕ್ಕೂ ಬರೆಯಬಾರದು. 2004ರಲ್ಲಿ ಕ್ಯಾಪ್ಲನ್ ಮತ್ತು ಆ್ಯಂಡರ್ಸನ್ ಈ ಕೊರತೆಯನ್ನು ತುಂಬಲೆಂದೇ ಕಾಲವನ್ನು ಆಧಾರವಾಗಿಟ್ಟ ಹೊಸ ರೂಪವೊಂದನ್ನು ಮುಂದಿಟ್ಟರು.

ಹಾಗಾದರೆ ವಿಶೇಷ ಪಿನ್ನನ್ನು ನಿಲ್ಲಿಸಿಬಿಡೋಣವೆ? ತಡೆಯಿರಿ. ನಿಲ್ಲಿಸಿದ ಮರುದಿನ ಅದರ ಪಾಲಿನ 4.5 ಲಕ್ಷ ಮೇಲ್ವೆಚ್ಚ ಉಳಿಯುವುದಿಲ್ಲ. ಸೆಟ್‌ಅಪ್ ಮಾಡುವವರ ಸಂಬಳ ನಡೆಯುತ್ತಲೇ ಇರುತ್ತದೆ. ಬೆಲೆ ಏರಿಸಿ ನೋಡಬಹುದು. ಬೇರೆಲ್ಲೂ ಸಿಗದ ಪಿನ್ನಾದರೆ ಗಿರಾಕಿ ಗೊಣಗದೆ ಕೊಡುತ್ತಾನೆ, ಹಾಗೆ ಕೊಟ್ಟರೆ ಹಳೆಯ ಬೆಲೆ ತೀರ ಕಡಿಮೆಯಿತ್ತೆಂಬುದಕ್ಕೆ ಅದೂ ಒಂದು ಸಾಕ್ಷಿ. ಇಲ್ಲವೆ ಒಮ್ಮೆಗೆ 250ರ ಬದಲು 2,500ರಂತೆ ವರ್ಷಕ್ಕೆ 4 ಸಲ ಮಾಡಬಹುದು. ಆಗ ಮೊದಲಿನ ದರದಲ್ಲೇ ಸೆಟ್‌ಅಪ್ ಮತ್ತು ಆರ್ಡರಿನ ಪಾಲು 40 ರೂಪಾಯಿಯಿಂದ 4ಕ್ಕೆ ಇಳಿಯುತ್ತದೆ. ಆದರೆ ಮಾಡಿಟ್ಟ ಪಿನ್ನುಗಳು ತಿಂಗಳುಗಟ್ಟಲೆ ಉಗ್ರಾಣದಲ್ಲಿ ಕೂರುತ್ತವೆ, ಅವುಗಳ ಮೇಲೆ ಹಾಕಿದ ಹಣವೂ ಕೂರುತ್ತದೆ. ಉಳಿದ 36 ಸೆಟ್‌ಅಪ್‌ಗಳ 144 ಗಂಟೆಯಲ್ಲಿ ಆ ತಂಡಕ್ಕೆ ಬೇರೆ ಕೆಲಸ ಸಿಕ್ಕರೆ ಮಾತ್ರ ಲೆಕ್ಕದಲ್ಲಿ ಕಂಡ ಉಳಿತಾಯ ಮಾಲೀಕನ ಗಲ್ಲಾಪೆಟ್ಟಿಗೆಗೂ ಬರುತ್ತದೆ.